ಕುಟುಂಬದ ಸಂದರ್ಶನಕ್ಕೂ ವಕಾಲತ್ತಿನ ಸಹಿಗೂ ಅನುಮತಿ ಕೋರಿ ಮನವಿ

ಇವರಿಂದ,
ಮಹಾದೇವಿ ಗಂಡ ಶಿವಶರಣಪ್ಪ, ವಯಸ್ಸು 36 ವರ್ಷ, ಉ॥ ಕೂಲಿ,
ಸಾ॥ ಖಜೂರಿ, ತಾ॥ ಆಳಂದ, ಜಿ॥ ಕಲಬುರಗಿ

ಇವರಿಗೆ,
ಮಾನ್ಯ ಮುಖ್ಯ ಅಧೀಕ್ಷಕರು,
ಕೇಂದ್ರ ಕಾರಾಗೃಹ, ಕಲಬುರಗಿ

ದಿನಾಂಕ: 10-11-2025

ವಿಷಯ: ವಿಚಾರಣಾಧೀನ ಬಂದಿ ಶಿವಶರಣಪ್ಪ ತಂದೆ ಗುರಣ್ಣ, ಬಂದಿ ಸಂಖ್ಯೆ 1286, ಇವರನ್ನು ದಿನಾಂಕ 20-11-2025ರ ಗುರುವಾರ ಕಾಣಲು ಮತ್ತು ವಕಾಲತ್ತಿಗೆ ಅವರ ಸಹಿ ಪಡೆಯಲು ಅನುಮತಿ ಕೋರಿ.

ಉಲ್ಲೇಖ: ಆಳಂದ ಪೊಲೀಸ್ ಠಾಣೆ ಅಪರಾಧ ಸಂಖ್ಯೆ 143/2025.

ಮಾನ್ಯರೇ,

ಮೇಲೆ ಹೆಸರಿಸಿದ ಬಂದಿ ನನ್ನ ಗಂಡ. ಅವರ ಜಾಮೀನು ಅರ್ಜಿಯನ್ನು ಸೆಷನ್ಸ್ ನ್ಯಾಯಾಲಯ ದಿನಾಂಕ 29-10-2025ರಂದು ವಜಾ ಮಾಡಿದೆ. ಹೀಗಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 483ರ ಅಡಿ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದಲ್ಲಿ ಅರ್ಜಿ ಹಾಕಬೇಕಾಗಿದೆ. ವಕೀಲರು ದಿನಾಂಕ 24-11-2025ರ ಸೋಮವಾರ ಅರ್ಜಿ ಸಲ್ಲಿಸುವವರಿದ್ದಾರೆ. ಅದಕ್ಕೂ ಮೊದಲು ಸಹಿಯಾದ ವಕಾಲತ್ತು ಅವರ ಕೈ ಸೇರಬೇಕು.

ಸಂದರ್ಶನಕ್ಕೆ ಮೂವರು ಬರುತ್ತೇವೆ: ನಾನು, ಬಂದಿಯ ತಾಯಿ ಶಾಂತಾಬಾಯಿ (68 ವರ್ಷ) ಮತ್ತು ಮಗಳು ಭಾಗ್ಯಶ್ರೀ (9 ವರ್ಷ). ನಮ್ಮ ಆಧಾರ್ ನಕಲುಗಳನ್ನು ಲಗತ್ತಿಸಿದ್ದೇನೆ, ಗೇಟಿನಲ್ಲಿ ತೋರಿಸಲು ಮೂಲ ಪ್ರತಿಗಳನ್ನೂ ತರುತ್ತೇವೆ. ಅತ್ತೆಯವರ ವಿಷಯದಲ್ಲಿ ಒಂದು ಮಾತು ಮುಂಚೆಯೇ ತಿಳಿಸಬೇಕು. ಬಂದಿಯನ್ನು ದಾಖಲು ಮಾಡಿಕೊಂಡಾಗ ಬರೆಸಿದ ಹೆಸರು ಶಾಂತಾಬಾಯಿ, ಆಧಾರ್‌ನಲ್ಲಿರುವುದು ಶಾಂತಮ್ಮ. ಎರಡೂ ಹೆಸರು ಒಬ್ಬರದೇ. ಪಡಿತರ ಚೀಟಿಯಲ್ಲಿ ಶಾಂತಾಬಾಯಿ ಎಂದಿದ್ದು, ಬಂದಿಯ ಹೆಸರೂ ಅದೇ ಚೀಟಿಯಲ್ಲಿದೆ. ಅದರ ನಕಲನ್ನು ಆಧಾರ್ ನಕಲಿಗೇ ಪಿನ್ ಮಾಡಿದ್ದೇನೆ. ಈ ಹೆಸರಿನ ಗೊಂದಲಕ್ಕೆ ಮುದುಕಿ ಗೇಟಿನ ಹೊರಗೇ ನಿಲ್ಲುವಂತಾಗಬಾರದು ಎಂಬುದಷ್ಟೇ ನನ್ನ ಕೋರಿಕೆ. ಅವರಿಗೆ ಕಿವಿ ಮಂದ, ಕೋಲು ಹಿಡಿದು ನಡೆಯುತ್ತಾರೆ. ಗದ್ದಲ ಕಡಿಮೆ ಇರುವ ಕಡೆ ಮಗನನ್ನು ಮಾತಾಡಿಸಲು ಆಗುವಂತಿದ್ದರೆ ದಯವಿಟ್ಟು ಅವಕಾಶ ಕೊಡಿ.

ವಕಾಲತ್ತಿನ ಎರಡು ಪ್ರತಿಗಳನ್ನು ತರುತ್ತೇನೆ. ಸಲ್ಲಿಸಲು ಒಂದು, ಮೊದಲನೆಯದು ಕೆಟ್ಟರೆ ಬಳಸಲು ಇನ್ನೊಂದು. ಎರಡರಲ್ಲೂ ಬರಹ ಪೂರ್ತಿ ತುಂಬಿದೆ, ಖಾಲಿ ಹಾಳೆಗೆ ಸಹಿ ಕೇಳುತ್ತಿಲ್ಲ. ಬಂದಿ ಕನ್ನಡದಲ್ಲಿ ಸಹಿ ಮಾಡುತ್ತಾರೆ, ವಕಾಲತ್ತು ಇಂಗ್ಲಿಷಿನಲ್ಲಿದೆ. ಆದ್ದರಿಂದ ಅದರಲ್ಲಿ ಏನಿದೆ ಎಂದು ಅವರಿಗೆ ಕನ್ನಡದಲ್ಲಿ ತಿಳಿಸಿದ ಮೇಲೆಯೇ ಸಹಿ ಹಾಕಿಸಬೇಕೆಂದು ಕೋರುತ್ತೇನೆ. ಸಹಿಯ ಜಾಗಕ್ಕೆ ಪೆನ್ಸಿಲ್ ಗುರುತಿದೆ. ಬಂದಿ ತಮ್ಮ ಸಮಕ್ಷಮ ಸಹಿ ಮಾಡಿದ್ದಾರೆ ಎಂಬ ದೃಢೀಕರಣವನ್ನು ಅದರ ಕೆಳಗೇ ಬರೆದು, ಅಧಿಕಾರಿಯ ಸಹಿ, ಹೆಸರು, ಹುದ್ದೆ, ದಿನಾಂಕ ಮತ್ತು ಕಚೇರಿ ಮೊಹರು ಹಾಕಿಸಿಕೊಡಬೇಕು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಅರ್ಜಿಗೆ ಆಕ್ಷೇಪಣೆ ಬೀಳಬಹುದು, ಆಗ ಸಹಿಗೆಂದೇ ಮತ್ತೊಮ್ಮೆ ತಮ್ಮಲ್ಲಿಗೆ ಬರಬೇಕಾಗುತ್ತದೆ ಎಂದು ವಕೀಲರು ಎಚ್ಚರಿಸಿದ್ದಾರೆ. ಅಂಟಿಸಿದ ಸ್ಟಾಂಪುಗಳ ಮೇಲೆ ಮೊಹರು ಬೀಳದಂತೆಯೂ ನೋಡಿಕೊಳ್ಳಬೇಕು. ಬಂದಿಯ ಹೆಸರನ್ನು ಎಫ್‌ಐಆರ್‌ನಲ್ಲಿರುವಂತೆ ‘ಶಿವಶರಣಪ್ಪ’ ಎಂದೇ ಬರೆಸಿದ್ದೇನೆ. ಊರಲ್ಲಿ ಕರೆಯುವ ‘ಶರಣಪ್ಪ’ ಎಂಬ ಹೆಸರು ಎಲ್ಲಿಯೂ ಇಲ್ಲ.

ಭೇಟಿಯ ದಿನ ಬಂದಿಯ ಸಕ್ಕರೆ ಕಾಯಿಲೆಯ ಹಳೆಯ ಚೀಟಿಗಳು ಮತ್ತು ರಕ್ತ ಪರೀಕ್ಷೆಯ ವರದಿಯ ನಕಲುಗಳು, ಒಟ್ಟು 4 ಹಾಳೆ, ಕಾರಾಗೃಹದ ವೈದ್ಯಾಧಿಕಾರಿಗಳಿಗೆ ತಲುಪಿಸಲು ಕೊಡುತ್ತೇನೆ. ಮಾತ್ರೆ, ಇನ್ಸುಲಿನ್, ಊಟ ಏನನ್ನೂ ತರುವುದಿಲ್ಲ. ಯಾವ ಔಷಧಿ ಬೇಕೆಂಬುದನ್ನು ವೈದ್ಯರೇ ನೋಡಿ ನಿರ್ಧರಿಸಲಿ.

ಗುರುವಾರ ಅನಾನುಕೂಲವಾದರೆ 21ರ ಶುಕ್ರವಾರವೂ ಬರಬಲ್ಲೆವು, ಅದಕ್ಕಿಂತ ತಡವಾದರೆ ವಕಾಲತ್ತಿಗೆ ಸಮಯ ಸಾಲದು. ಮೂವರ ಭೇಟಿಗೆ ಅನುಮತಿ ಸಿಗದಿದ್ದರೆ ನನ್ನೊಬ್ಬಳನ್ನಾದರೂ ಬಿಟ್ಟು, ಅತ್ತೆ ಮತ್ತು ಮಗಳಿಗೆ ಬೇರೊಂದು ದಿನ ಇ-ಮುಲಾಕಾತ್ ಮೂಲಕ ವಿಡಿಯೋದಲ್ಲಿ ಮಾತಾಡಲು ಅವಕಾಶ ಕೊಡಬೇಕು. ಭೇಟಿಯೇ ಸಾಧ್ಯವಿಲ್ಲ ಎಂದಾದರೂ ವಕಾಲತ್ತನ್ನು ಕಚೇರಿಯಲ್ಲಿ ಪಡೆದು, ಸಹಿಯಾದ ಮೇಲೆ ನನಗಾಗಲಿ ವಕೀಲರ ಗುಮಾಸ್ತರಿಗಾಗಲಿ ಹಿಂತಿರುಗಿಸಲು ಆದೇಶಿಸಬೇಕೆಂದು ಪ್ರಾರ್ಥಿಸುತ್ತೇನೆ.

ಈ ಮನವಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಡಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ) ಮಹಾದೇವಿ

ಸ್ಥಳ: ಕಲಬುರಗಿ

ಲಗತ್ತುಗಳು: ಆಧಾರ್ ನಕಲು 3, ಪಡಿತರ ಚೀಟಿ ನಕಲು 1, ಜಾಮೀನು ವಜಾ ಆದೇಶದ ನಕಲು 1. ವಕಾಲತ್ತು ಮತ್ತು ವೈದ್ಯಕೀಯ ಕಾಗದಗಳನ್ನು ಭೇಟಿಯ ದಿನ ಹಾಜರುಪಡಿಸಲಾಗುವುದು.