ಗ್ರಾಫ್ ಕ್ವೆಶ್ಚನ್ ಬಂದ್ರ ಮೊದಲ ವೈ ಆಕ್ಸಿಸ್ ಓದ್ರಿ

ಫಸ್ಟ್ ಇಯರ್‌ನವ್ರ, ಸೋಮವಾರ ಫಿಸಿಯಾಲಜಿ ಇಂಟರ್ನಲ್ಸ್ ಅದ, ನೀವು ಒಬ್ಬೊಬ್ಬರ ರೂಮಿಗಿ ಬಂದು ಅದೇ ಆಕ್ಸಿಜನ್ ಕರ್ವ್ ಕೇಳ್ಲಾಕತ್ತೀರಿ, ಅದಕ್ಕ ಒಂದೇ ಸಲ ಎಲ್ಲಾ ಬರ್ದ ಹಾಕ್ಲಾಕತ್ತೀನಿ.

ಕ್ವೆಶ್ಚನ್ ಹಿಂಗ ಬರ್ತದ. ಮೂರು ಮಂದಿ. ಮೊದಲನೇದವ್ನ ಎಚ್‌ಬಿ 15 ಗ್ರಾಂ, ನಾರ್ಮಲ್. ಎರಡನೇದಾಕಿದು 7.5, ಅನೀಮಿಯಾ. ಮೂರನೇದವ ಬೀದರ್ ಥಂಡಿಗಿ ಬಾಗಿಲ ಹಾಕ್ಕೊಂಡು ಇದ್ದಲಿ ಶೇಗಡಿ ಇಟ್ಟು ಮಲಗಿದವ, ಎಚ್‌ಬಿ 15 ಅದ ಖರೆ ಆದ್ರ ಅರ್ಧ ಕಾರ್ಬನ್ ಮೊನಾಕ್ಸೈಡ್ ಹಿಡ್ಕೊಂಡದ. ಕರ್ವ್ ತೆಗೀರಿ, ಯಾರಿಗಿ ಜಾಸ್ತಿ ಅಪಾಯ, ಯಾಕ?

ವೈ ಆಕ್ಸಿಸ್‌ದಾಗ ಪರ್ಸೆಂಟ್ ಸ್ಯಾಚುರೇಷನ್ ಇದ್ರ ಅನೀಮಿಯಾದ ಕರ್ವ್ ನಾರ್ಮಲ್ ಮ್ಯಾಲೇ ಕೂಡ್ತದ, ಇದ್ದಷ್ಟು ಎಚ್‌ಬಿ ಪೂರಾ ತುಂಬಿರ್ತದಲ್ಲ. ನಾ ಆಗ ಆಕ್ಸಿಸ್ ನೋಡದೆ ಅರ್ಧಕ್ಕ ಇಳಿಸಿ ತೆಗದಿದ್ದೆ, ಐದಕ್ಕ ಸೊನ್ನೆ ಬಂತು. ಅರ್ಧಕ್ಕ ಇಳೀಬೇಕಂದ್ರ ವೈ ಆಕ್ಸಿಸ್ ಆಕ್ಸಿಜನ್ ಕಂಟೆಂಟ್ ಇರ್ಬೇಕು: 1.34 × 15 ಅಂದ್ರ ಸುಮಾರು 20 ಎಂಎಲ್, 1.34 × 7.5 ಅಂದ್ರ 10. ಶೇಗಡಿಯವಂದೂ 10ನೇ.

ಹಂಗಾದ್ರ ಇಬ್ರೂ ಒಂದೇ ಏನು? ಅಲ್ಲ, ಮಾರ್ಕ್ಸ್ ಇರೋದೇ ಇಲ್ಲಿ. ಟಿಶ್ಯೂ 5 ಎಂಎಲ್ ತೊಗೋತದ ಅನ್ರಿ. ನಾರ್ಮಲ್‌ನವಂದು 20ರಾಗ 15 ಉಳೀತು, 75 ಪರ್ಸೆಂಟ್, ವೀನಸ್ ಪಿಓ2 40. ಅನೀಮಿಯಾದಾಕಿದು 10ರಾಗ 5, ಅಂದ್ರ 50 ಪರ್ಸೆಂಟ್, ಪಿಓ2 27ರ ಹತ್ರ, ಅದೇ ಪಿ50. (ಅನೀಮಿಯಾ ಹಳೇದಿದ್ರ 2,3-ಬಿಪಿಜಿ ಏರಿ ಕರ್ವ್ ಸ್ವಲ್ಪ ಬಲಕ್ಕ ಸರೀತದ, ಆಕಿಗಿ ಅದೂ ಅನುಕೂಲನೇ.) ಶೇಗಡಿಯವಂದು 27ಕ್ಕೂ ನಿಲ್ಲಂಗಿಲ್ಲ, ಇನ್ನೂ ಕೆಳಗ ಹೋಗ್ತದ. ಯಾಕಂದ್ರ ನಾಕು ಹೀಮ್‌ದಾಗ ಒಂದೆರಡಕ್ಕ ಸಿಓ ಕೂತ್ರ ಮಾಲಿಕ್ಯೂಲ್ ಆರ್ ಸ್ಟೇಟ್‌ದಾಗ ಗಟ್ಟಿಯಾಗಿ, ಉಳಿದ ಹೀಮ್‌ಗೋಳು ಹಿಡ್ದ ಆಕ್ಸಿಜನ್ ಬಿಡವಲ್ವು, ಕರ್ವ್ ಎಡಕ್ಕ ಸರೀತದ. ಪಲ್ಸ್ ಆಕ್ಸಿಮೀಟರ್ ಅಂತೂ ಇವನಿಗಿ ಚಲೋನೇ ತೋರಸ್ತದ, ನಂಬಬ್ಯಾಡ್ರಿ.

ಗ್ಲೂಕೋಸ್ ಟೈಟ್ರೇಷನ್‌ದಾಗೂ ಇಂಥದೇ ಒಂದು ಮೋಸ ಅದ. ಪ್ಲಾಸ್ಮಾ 200, ಜಿಎಫ್‌ಆರ್ 125, ಫಿಲ್ಟರ್ಡ್ ಲೋಡ್ 250 ಮಿಲಿಗ್ರಾಂ ಒಂದ್ ನಿಮಿಷಕ್ಕ. ಟಿಎಂ 375, ಅಂದ್ರ ಲೆಕ್ಕಕ್ಕ ಇನ್ನೂ ಜಾಗ ಅದ, ಆದ್ರೂ ಮೂತ್ರದಾಗ ಗ್ಲೂಕೋಸ್ ಬಂದದ. ಎಲ್ಲಾ ನೆಫ್ರಾನ್ ಒಂದೇ ತಾಕತ್ತಿನವು ಅಲ್ಲ, ಸಣ್ಣವು ಮೊದಲೇ ತುಂಬ್ತಾವ. ಅದಕ್ಕೇ ಕರ್ವ್ ಮೂಲ್ಯಾಗ ಚೂಪಾಗದೆ ಬಾಗ್ತದ, ಅದೇ ಸ್ಪ್ಲೇ.

ಪ್ರೆಷರ್ ವಾಲ್ಯೂಮ್ ಲೂಪಿಗಿ ಬಾಣ ಗಡಿಯಾರದ ಉಲ್ಟಾ ಹಾಕ್ರಿ. ಅಗಲನೇ ಸ್ಟ್ರೋಕ್ ವಾಲ್ಯೂಮ್, 120ರಾಗ 50 ಕಳದ್ರ 70. ಆಫ್ಟರ್‌ಲೋಡ್ ಏರಿದ್ರ ಲೂಪ್ ಎತ್ತರಾಗಿ ಸಣ್ಣ ಆಗ್ತದ, ಒತ್ತಡದ ಎದುರಿಗಿ ಸ್ನಾಯು ಪೂರಾ ಕುಗ್ಗಲಾರ್ದಕ್ಕ ರಕ್ತ ಒಳಗೇ ಉಳೀತದ. ಇದ್ರಾಗ ಡೌಟ್ ಇದ್ದವ್ರು ರೊಟ್ಟಿ ಊಟ ಆದ್ಮ್ಯಾಲ ಮಾಳಗಿ ಮ್ಯಾಲ ಬರ್ರಿ, ಪೆನ್ಸಿಲ್ ತರ್ರಿ.