ವಿಡಿಯೊ ರೆಸ್ಯೂಮೆ: ಸಹನಾ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವೀಧರೆ

ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನ ಸಹನಾ. ಈ ವರ್ಷ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮುಗಿಸಿ, ನಿಮ್ಮಲ್ಲಿ ಎಂಬೆಡೆಡ್ ಎಂಜಿನಿಯರ್ ಹುದ್ದೆಗೆ ಅರ್ಜಿ ಸಲ್ಲಿಸಿದ್ದೇನೆ.

ಸಿ ಭಾಷೆಯಲ್ಲಿ ಮೈಕ್ರೊಕಂಟ್ರೋಲರ್ ಪ್ರೋಗ್ರಾಂ ಬರೆಯುವುದು, ಸರ್ಕ್ಯೂಟ್ ಬೋರ್ಡ್ ವಿನ್ಯಾಸಗೊಳಿಸುವುದು ಮತ್ತು ಆಸಿಲೋಸ್ಕೋಪ್ ಹಿಡಿದು ದೋಷ ಹುಡುಕುವುದು ನನಗೆ ಚೆನ್ನಾಗಿ ಬರುತ್ತದೆ.

ನಮ್ಮ ತೆಂಗಿನ ತೋಟದ ಕೊಳವೆಬಾವಿಯಲ್ಲಿ ನೀರು ಇಳಿದ ಮೇಲೂ ಪಂಪ್ ಓಡುತ್ತಿದ್ದು, ಮೋಟರ್ ಎರಡು ಬಾರಿ ಸುಟ್ಟಿತ್ತು. ಆ ನಷ್ಟವನ್ನು ಮನೆಯಲ್ಲೇ ಕಂಡಿದ್ದ ನಾನು ಅದನ್ನೇ ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಿಕೊಂಡೆ. ನೀರಿಲ್ಲದಾಗ ಹೊರೆ ತಗ್ಗಿ ಮೋಟರ್ ಎಳೆಯುವ ಕರೆಂಟ್ ಇಳಿಯುತ್ತದೆ. ಅದು ನಿಗದಿತ ಮಿತಿಗಿಂತ ಕೆಳಗೆ 10 ಸೆಕೆಂಡು ಉಳಿದರೆ ನನ್ನ ಸಾಧನವು ಮೋಟರನ್ನು ನಿಲ್ಲಿಸಿ, ರೈತರ ಮೊಬೈಲಿಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳುಹಿಸುತ್ತದೆ. ಹಳ್ಳಿಯ ವೋಲ್ಟೇಜ್ ಏರಿಳಿತದಿಂದ ಮೊದಮೊದಲು ಮೋಟರ್ ಸುಮ್ಮನೆ ನಿಲ್ಲುತ್ತಿತ್ತು. ಕರೆಂಟಿನ ಜೊತೆಗೆ ವೋಲ್ಟೇಜ್ ಮತ್ತು ಪವರ್ ಫ್ಯಾಕ್ಟರ್ ಅನ್ನೂ ಅಳೆಯುವಂತೆ ತಿದ್ದಿದ ಮೇಲೆ ಆ ತೊಂದರೆ ನೀಗಿತು. ಪ್ರಯೋಗಾಲಯ ಕಲಿಸದ ಪಾಠವದು. ಕಳೆದ 4 ತಿಂಗಳಿಂದ ಸಾಧನ ನಮ್ಮ ತೋಟದಲ್ಲೇ ಕೆಲಸ ಮಾಡುತ್ತಿದೆ.

ನಿಮ್ಮ ತಂಡದಲ್ಲಿ ಮೊದಲ ದಿನದಿಂದಲೇ ಬೋರ್ಡ್ ಪರೀಕ್ಷೆಯ ಹೊಣೆ ಹೊರಲು ನಾನು ಸಿದ್ಧಳಿದ್ದೇನೆ. ಸಂದರ್ಶನಕ್ಕೆ ಕರೆದರೆ ಸಾಧನವನ್ನು ತಂದು, ನಿಮ್ಮೆದುರೇ ಚಾಲೂ ಮಾಡಿ ತೋರಿಸುತ್ತೇನೆ. ಧನ್ಯವಾದಗಳು.