ಎಂಟನೇ ತರಗತಿ, ಪ್ರಥಮ ಭಾಷೆ ಕನ್ನಡ: ಪ್ರಬಂಧ ರಚನೆ (20 ಅಂಕ)

ಜುಲೈ ತಿಂಗಳ ಸಂಜೆ. ಸಾಗರದಿಂದ ಹೊರಟ ಕೊನೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಒಂದು ಕೊಡೆ ಮರೆತಿದ್ದಾರೆ. ಕಪ್ಪು ಬಟ್ಟೆ, ಒಂದು ಕಡ್ಡಿ ಮುರಿದಿದೆ, ಹಿಡಿಗೆ ಕೆಂಪು ದಾರ ಸುತ್ತಿದೆ. ಹೊರಗೆ ಜಡಿಮಳೆ. ಆ ಕೊಡೆಯೇ ಮಾತಾಡಿದರೆ ಏನು ಹೇಳೀತು? ಕೊಡೆಯ ಬಾಯಲ್ಲೇ 250 ಪದಗಳಷ್ಟು ಬರೆಯಿರಿ. ಸಮಯ 40 ನಿಮಿಷ. ಮೊದಲ ಐದು ನಿಮಿಷ ಪೆನ್ನು ಮುಟ್ಟದೆ ಯೋಚಿಸಿ.

ಅಂಕ ಕೊಡುವ ಬಗೆ

ವಿಚಾರ (8)
7–8: ಕೊಡೆಗೆ ತನ್ನದೇ ಸ್ವಭಾವವಿದೆ. ಕೆಂಪು ದಾರ ಯಾಕೆ ಸುತ್ತಿದೆ ಎಂಬುದಕ್ಕೆ ಕಥೆಯೊಳಗೇ ಕಾರಣ ಸಿಗುತ್ತದೆ. ಕಣ್ಣಿಗೆ ಕಟ್ಟುವ ಸಣ್ಣ ವಿವರಗಳಿವೆ: ಒದ್ದೆ ಚೀಲದ ವಾಸನೆ, ಕಂಡಕ್ಟರ್ ಸೀಟಿ.
4–6: ಕಥೆ ಇದೆ, ಆದರೆ ಯಾವ ಕೊಡೆಗಾದರೂ ಹೊಂದುತ್ತದೆ.
1–3: ಕೊಡೆಯ ಉಪಯೋಗಗಳ ಪಟ್ಟಿ. (ಕಳೆದ ಸಲ ಪೆನ್ಸಿಲ್ ಬಗ್ಗೆ ಅರ್ಧ ತರಗತಿ ಇದನ್ನೇ ಮಾಡಿತ್ತು!)

ಜೋಡಣೆ (6)
5–6: ಮೊದಲ ಸಾಲೇ ಓದುಗರನ್ನು ಎಳೆಯುತ್ತದೆ, ಒಂದು ಘಟನೆಯಿಂದ ಇನ್ನೊಂದು ಹುಟ್ಟುತ್ತದೆ.
3–4: ಕ್ರಮವಿದೆ, ಮುಕ್ತಾಯ ಅವಸರದ್ದು.
1–2: ಪ್ಯಾರಾ ಇಲ್ಲ, ಘಟನೆಗಳು ಚೆಲ್ಲಾಪಿಲ್ಲಿ. ‘ಎಚ್ಚರವಾಯಿತು, ಅದೆಲ್ಲ ಕನಸು’ ಎಂದು ಮುಗಿಸಿದರೂ ಇಲ್ಲೇ.

ಭಾಷೆ (6)
5–6: ಮಾತು ಸಹಜ, ಕ್ರಿಯಾಪದಗಳು ಚುರುಕು. ಮನೆಮಾತಿನ ಪದಗಳಿಗೆ ಸ್ವಾಗತ, ಅಂಕ ಕಳೆಯುವುದಿಲ್ಲ.
3–4: ಅರ್ಥವಾಗುತ್ತದೆ, ‘ಆಮೇಲೆ’ ಪದೇ ಪದೇ ಬರುತ್ತದೆ.
1–2: ಅಲ್ಪಪ್ರಾಣ-ಮಹಾಪ್ರಾಣ, ಒತ್ತಕ್ಷರದ ತಪ್ಪುಗಳಿಂದ ಓದು ನಿಲ್ಲುತ್ತದೆ.

ಅಕ್ಷರ ದುಂಡಗಿಲ್ಲವೆಂದು ಅಂಕ ಹೋಗದು, ಆದರೆ ನನಗೆ ಓದಲು ಬರಬೇಕು.